ಉಸಿರಿನ ಗುರುತು ಹಾಕಿದ ಭಾಷಣ

ಹಾಲು ಉತ್ಪಾದಕರ ಮಹಿಳಾ ಸಂಘವೊಂದರ ಅಧ್ಯಕ್ಷೆ ಮೊದಲ ಸಲ ವಾರ್ಷಿಕ ಸಭೆಯಲ್ಲಿ ಭಾಷಣ ಓದಬೇಕಿತ್ತು. ಬರೆದುಕೊಟ್ಟವಳು ನಾನೇ. ಆಡಳಿತ ಮಂಡಳಿ ಒಪ್ಪಿದ್ದರಿಂದ ಇನ್ನು ಪದ ಬದಲಿಸುವ ಹಾಗಿರಲಿಲ್ಲ. ಓದಿಸಿ ನೋಡಿದರೆ, ಪ್ರತಿ ವಾಕ್ಯದ ಕೊನೆಗೆ ಅವರ ದನಿ ಇಂಗಿಹೋಗುತ್ತಿತ್ತು. ಕನ್ನಡದಲ್ಲಿ ಇದು ದೊಡ್ಡ ನಷ್ಟ. ಕ್ರಿಯಾಪದ ಇರುವುದೇ ಕೊನೆಯಲ್ಲಿ. ಅದನ್ನು ನುಂಗಿದರೆ ಬೋನಸ್ ಕೊಟ್ಟರೋ ಕೊಡಲಿಲ್ಲವೋ ಹಿಂದೆ ಕೂತವರಿಗೆ ತಿಳಿಯುವುದಿಲ್ಲ.

ಮೊದಲು ನಾನು ಯಾವ ಗುರುತನ್ನೂ ಹಾಕಲಿಲ್ಲ. ಅವರು ಗಟ್ಟಿಯಾಗಿ ಓದುತ್ತಾ ಹೋದಂತೆ, ಎಲ್ಲೆಲ್ಲಿ ಉಸಿರು ಎಳೆದುಕೊಂಡರೋ ಅಲ್ಲಲ್ಲಿ ಪೆನ್ಸಿಲ್‌ನಿಂದ ಚುಕ್ಕಿ ಇಟ್ಟೆ. ಚುಕ್ಕಿಗಳು "ಸದಸ್ಯರ" ಮತ್ತು "ಮಕ್ಕಳಿಗೆ" ನಡುವೆಯೂ ಬಿದ್ದಿದ್ದವು. ಹೆದರಿದಾಗ ಉಸಿರು ಎದೆಯ ಮೇಲ್ಭಾಗದಲ್ಲೇ ಆಡಿ ಬೇಗ ಮುಗಿಯುತ್ತದೆ, ಹಾಗಾಗಿ ಅರ್ಥ ನೋಡದೆ ಎಲ್ಲೆಂದರಲ್ಲಿ ತಡೆ ಬೀಳುತ್ತದೆ. ಆ ಚುಕ್ಕಿಗಳನ್ನು ಹತ್ತಿರದ ಸರಿಯಾದ ಜಾಗಕ್ಕೆ ಸರಿಸುವುದೇ ನನ್ನ ಕೆಲಸವಾಯಿತು. ಸರಿಯಾದ ಜಾಗ ಸಾಮಾನ್ಯವಾಗಿ "ಆದರೂ", "ಬಂದು", "ಹೋಗದೆ" ಎಂಬಂಥ ರೂಪಗಳ ನಂತರ ಸಿಗುತ್ತದೆ.

ಒಂದು ಗೀಟು ಎಂದರೆ ಕ್ಷಣ ನಿಲ್ಲುವುದು, ಎರಡು ಗೀಟು ಎಂದರೆ ಉಸಿರು ತೆಗೆದುಕೊಳ್ಳುವುದು. ಒತ್ತಬೇಕಾದ ಪದಕ್ಕೆ ಅಡಿಗೆರೆ. ಅವರನ್ನು ಹೆಚ್ಚು ಕಾಡಿದ ವಾಕ್ಯ ಕೊನೆಗೆ ಹೀಗಾಯಿತು:

ಮೇವಿನ ಕೊರತೆಯಿಂದ ಸಂಗ್ರಹ ಕುಸಿದರೂ / ಸದಸ್ಯರು ಸಂಘ ಬಿಟ್ಟು ಹೋಗದೆ / ದಿನವೂ ಡೇರಿಗೆ ಹಾಲು ಹಾಕಿದ್ದರಿಂದಲೇ // ಈ ವರ್ಷ ಬೋನಸ್ ಕೊಡುತ್ತಿದ್ದೇವೆ.

ಎರಡು ಗೀಟನ್ನು ಕೊನೆಯ ತುಂಡಿನ ಮುಂಚೆ ಇಟ್ಟದ್ದು ಬೇಕೆಂದೇ. ಹೊಸ ಉಸಿರಿದ್ದರೆ "ಕೊಡುತ್ತಿದ್ದೇವೆ" ತುಂಬಿ ಬರುತ್ತದೆ. ಅಡಿಗೆರೆ "ಬೋನಸ್" ಎಂಬುದಕ್ಕೆ ಮಾತ್ರ. "ಹಾಕಿದ್ದರಿಂದಲೇ" ಎಂಬುದರಲ್ಲಿ "ಏ" ಆಗಲೇ ಒತ್ತು ಕೊಟ್ಟಿದೆ, ಅದಕ್ಕೂ ಗೆರೆ ಎಳೆದರೆ ಮಾತು ಜಗಳದಂತೆ ಕೇಳುತ್ತದೆ. ವಾಕ್ಯಕ್ಕೆ ಒಂದೇ ಅಡಿಗೆರೆ ಎಂಬುದನ್ನು ನಾನು ಬಿಡುವುದಿಲ್ಲ.

ಮೊತ್ತಗಳನ್ನು ಅಕ್ಷರದಲ್ಲಿ ಬರೆದು, ಹಿಂದೆ ಮುಂದೆ ಒಂದೊಂದು ಗೀಟು ಹಾಕಿದೆ. ಅಂಕಿಗಳ ಸಾಲನ್ನು ವೇದಿಕೆಯ ಮೇಲೆ ಬಿಡಿಸಿ ಓದಲು ಹೋದರೆ ನಾಲಿಗೆ ತೊಡರುತ್ತದೆ. ದಪ್ಪ ಅಕ್ಷರದಲ್ಲಿ, ಕಾಗದದ ಒಂದೇ ಬದಿಗೆ ಪ್ರಿಂಟ್ ತೆಗೆಸಿದೆ. ಯಾವ ವಾಕ್ಯವೂ ಪುಟದ ಕೊನೆಯಲ್ಲಿ ಮುರಿಯದಂತೆ ನೋಡಿಕೊಂಡೆ.

ಮತ್ತೆ ಓದಿಸಿದಾಗ ಅವರು ಗೀಟು ಕಂಡಲ್ಲೆಲ್ಲ ಒಂದೇ ಅಳತೆಗೆ ನಿಲ್ಲತೊಡಗಿದರು, ಪಾಠ ಒಪ್ಪಿಸಿದ ಹಾಗೆ. ಗುರುತು ಹೆಚ್ಚಾಗಿದೆ ಎನ್ನುವುದಕ್ಕೆ ಅದೇ ಲಕ್ಷಣ. "ಅಕ್ಕಾ, ನಿಮಗೆ ತಾನಾಗಿ ನಿಲ್ಲುವ ಕಡೆ ಗೀಟು ಬೇಡ" ಎಂದು, ಪೆನ್ಸಿಲ್ ಅವರ ಕೈಗೇ ಕೊಟ್ಟು ಬೇಡವಾದ ಒಂಟಿ ಗೀಟುಗಳನ್ನು ಹೊಡೆದುಹಾಕಿಸಿದೆ. ಉಸಿರಿನ ಜೋಡಿ ಗೀಟುಗಳನ್ನು ಮಾತ್ರ ಮುಟ್ಟಲು ಬಿಡಲಿಲ್ಲ.