ಬಲಗೈ, ಕಾಲು ಮತ್ತು ಹತ್ತು ನಿಮಿಷದ ಆಮ್ಲಜನಕ

ಗದಗ ಕಡೆ ನವಜಾತ ಶಿಶು ಘಟಕದಲ್ಲಿ ನರ್ಸ್ ನಾನು. ಹುಟ್ಟಿನಿಂದ ಬಂದ ಹೃದಯದ ತೊಂದರೆ ಬೇಗ ಹಿಡಿಯಲು ಪ್ರತಿ ಕೂಸಿಗೂ ಬಲಗೈ, ಕಾಲು ಎರಡರಲ್ಲೂ ಸ್ಯಾಚುರೇಷನ್, ಅಂದರೆ ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಅನ್ನೋದು, ನೋಡುತ್ತೇನೆ ಅಂದಾಗ ಹಿರಿಯ ಸಿಸ್ಟರ್ ನಕ್ಕಿದ್ದರು. "ತುಟಿ ಕೆಂಪಗದಾವ, ಸುಮ್ನೆ ಯಾಕ ಹೆದರಸ್ತಿ?" ಆದರೆ ನಮ್ಮ ಕಪ್ಪು ಮೈಬಣ್ಣದ ಕೂಸುಗಳಲ್ಲಿ, ರಕ್ತ ಕಡಿಮೆ ಇದ್ದವುಗಳಲ್ಲಿ ಆಮ್ಲಜನಕ ಇಳಿದಾಗ ಬರುವ ನೀಲಿ ಬಣ್ಣ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ಶುರುವಿನಲ್ಲಿ ಸುಳ್ಳು ಅಂಕಿಗಳೇ ಜಾಸ್ತಿ. ಕಾಲು ತಣ್ಣಗಿದ್ದರೆ ಕಡಿಮೆ ತೋರಿಸುತ್ತದೆ, ಕಾಮಾಲೆಯ ದೀಪ ಬಿದ್ದರೂ ಕೆಡುತ್ತದೆ. ಒದೆಯುವ ಕಾಲಿಗೆ ಅಳೆಯುವ ಪ್ರೋಬ್ ನಿಲ್ಲಿಸುವ ನನ್ನ ಉಪಾಯ ಇಲ್ಲಿ ಬರೆಯುವುದಿಲ್ಲ, ಬಂದು ನೋಡಿ!

ಎಲ್ಲರ ಬಾಯಿ ಮುಚ್ಚಿಸಿದ್ದು ಎರಡನೇ ದಿನದ ಒಂದು ಕೂಸು. ತೂಕ ಸುಮಾರು 2.8 ಕೆಜಿ. ಉಸಿರು ತುಸು ಜೋರು, ಎದೆ ಮಾತ್ರ ಒಳಗೆ ಎಳೆಯುತ್ತಿರಲಿಲ್ಲ. ಬಲಗೈ 76, ಕಾಲು 75. ಡಾಕ್ಟರ್ ಹೇಳಿದಂತೆ ತಲೆಗೆ ಮುಚ್ಚುವ ಹುಡ್‌ನಲ್ಲಿ ಹತ್ತು ನಿಮಿಷ ಪೂರ್ತಿ ಆಮ್ಲಜನಕ ಕೊಟ್ಟೆವು. 79 ದಾಟಲಿಲ್ಲ. ಶ್ವಾಸಕೋಶದ ತೊಂದರೆ ಆಗಿದ್ದರೆ ಸಾಮಾನ್ಯವಾಗಿ ಚೆನ್ನಾಗಿ ಏರುತ್ತಿತ್ತು. ಎಕ್ಸ್‌ರೇಯಲ್ಲೂ ಶ್ವಾಸಕೋಶ ಸ್ವಚ್ಛ. ಅಲ್ಲಿಗೆ ಹೃದಯದ ಮೇಲೆ ಅನುಮಾನ ಗಟ್ಟಿಯಾಯಿತು.

ಇಂಥ ಕೂಸಿಗೆ ಆಮ್ಲಜನಕ ಏರಿಸುತ್ತಾ ಹೋದರೆ ಡಕ್ಟಸ್ ಮುಚ್ಚಲು ನಾವೇ ನೆರವಾದಂತೆ. ಡಕ್ಟಸ್ ಅಂದರೆ ಗರ್ಭದಲ್ಲಿ ಮಹಾಧಮನಿಗೂ ಶ್ವಾಸಕೋಶದ ರಕ್ತನಾಳಕ್ಕೂ ನಡುವೆ ಇರುವ, ಹುಟ್ಟಿದ ಮೇಲೆ ಮುಚ್ಚಿಕೊಳ್ಳುವ ನಾಳ. ಶ್ವಾಸಕೋಶಕ್ಕೆ ರಕ್ತ ಹೋಗಲು ಅದೇ ದಾರಿ ಆಗಿದ್ದರೆ ಮುಗೀತು. ಹುಡ್ ತೆಗೆಸಿ ಡಾಕ್ಟರ್ ಡಕ್ಟಸ್ ತೆರೆದಿಡುವ ಪ್ರೋಸ್ಟಾಗ್ಲಾಂಡಿನ್ ಬರೆದರು, ಕೆಜಿಗೆ ನಿಮಿಷಕ್ಕೆ 0.05 ಮೈಕ್ರೋಗ್ರಾಂ. 500 ಮೈಕ್ರೋಗ್ರಾಂ ಅನ್ನು 50 ಮಿಲಿಗೆ ಬೆರೆಸಿದರೆ ಈ ತೂಕಕ್ಕೆ ಗಂಟೆಗೆ 0.84 ಮಿಲಿ. ಒಂದು ವಯಲ್‌ಗೆ ಸಾವಿರಗಟ್ಟಲೆ ರೂಪಾಯಿ. ಆ ರಾತ್ರಿ ಕೂಸಿನ ಅಪ್ಪ ಸಾಲ ಮಾಡಿ ತಂದರು. ಮಕ್ಕಳ ಆರೋಗ್ಯದ ಸರ್ಕಾರಿ ಯೋಜನೆ ಆರ್‌ಬಿಎಸ್‌ಕೆ ಆಪರೇಷನ್‌ಗೆ ನೆರವಾಯಿತು, ಆದರೆ ಆ ರಾತ್ರಿಯ ವಯಲ್‌ಗೆ ಯಾರಿದ್ದರು? ಈಗ ಜಗಳ ಮಾಡಿ ಒಂದನ್ನು ಫ್ರಿಜ್‌ನಲ್ಲಿ ಇಡಿಸಿದ್ದೇನೆ.

ಈ ಔಷಧ ನಿಂತರೆ ಅದರ ಕೆಲಸ ನಿಮಿಷಗಳಲ್ಲೇ ಮುಗಿಯುತ್ತದೆ. ಅದಕ್ಕೇ ಎರಡನೇ ಲೈನ್ ಹಾಕಿಟ್ಟೆ. ಔಷಧದ ಲೈನನ್ನು ಯಾರೂ ಫ್ಲಶ್ ಮಾಡಬಾರದು ಅಂತ ಪಟ್ಟಿ ಅಂಟಿಸಿದೆ. ಒಂದೆರಡು ತಾಸಿನಲ್ಲಿ ಸ್ಯಾಚುರೇಷನ್ 83ರ ಹತ್ತಿರ ಬಂತು. ನಮಗೆ ಅಷ್ಟೇ ಸಾಕು, 95 ಬೇಕಿಲ್ಲ. ಆಮೇಲೆ ಕೂಸು ಉಸಿರು ನಿಲ್ಲಿಸಿತು. ಈ ಔಷಧದಲ್ಲಿ ಅದು ಬರುವಂಥದ್ದೇ, ಅಂಬು ಬ್ಯಾಗ್ ಕೈಯಲ್ಲೇ ಇತ್ತು. ಜ್ವರವೂ ತುಸು ಬಂತು. ಬಾಯಿಗೆ ಹಾಲಿಲ್ಲ, ಡ್ರಿಪ್ ಮಾತ್ರ. ಸಕ್ಕರೆ ಆಗಾಗ ನೋಡುತ್ತಾ, ಬೆಚ್ಚಗೆ ಇಟ್ಟು ಹುಬ್ಬಳ್ಳಿಗೆ ಕರೆದೊಯ್ದೆವು. ಹೃದಯದ ಸ್ಕ್ಯಾನ್ ಎಕೋದಲ್ಲಿ ನೋಡಿದರೆ, ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ದಾರಿಯ ಕವಾಟ ತೆರೆದೇ ಇರಲಿಲ್ಲ. ಹಿರಿಯ ಸಿಸ್ಟರ್ ಈಗ ತಾವೇ ಪ್ರೋಬ್ ಕೇಳುತ್ತಾರೆ!

ಕೂಸು ನೀಲಿಯಾಗದ ಹೃದಯದ ತೊಂದರೆಗಳು ಬೇರೆ ಆಟ. ಹೃದಯದ ಒಳಗೋಡೆಯ ತೂತು ದೊಡ್ಡದಿದ್ದರೂ ಮೊದಲ ದಿನಗಳಲ್ಲಿ ಸುಮ್ಮನಿರುತ್ತದೆ. ಕೆಲವು ವಾರಗಳ ಮೇಲೆ ಹಾಲು ಕುಡಿಯುವಾಗ ಬೆವರು, ತೂಕ ಏರದಿರುವುದು ಶುರು. ಮಹಾಧಮನಿ ಸಣ್ಣಗಿದ್ದರೆ ಕಾಲಿನ ಅಂಕಿ ಕೈಗಿಂತ ಇಳಿದಿರಬಹುದು, ಆದರೆ ಯಾವಾಗಲೂ ಅಲ್ಲ. ಹಾಗಾಗಿ ತೊಡೆಸಂದಿಯ ನಾಡಿ ಮುಟ್ಟದೆ ಬಿಡುವುದಿಲ್ಲ. ಎಡಗೈಯಲ್ಲೂ ಕೆಲ ದಿನ ಅಳೆದು ನೋಡಿದೆ. ಅಲ್ಲಿಗೆ ರಕ್ತ ಡಕ್ಟಸ್‌ನ ಹತ್ತಿರದಿಂದಲೇ ಹೋಗುತ್ತದೆ, ಅಂಕಿ ನಂಬುವಂತಿಲ್ಲ. ಬಲಗೈಯೇ ಬೇಕು.