ಎಸ್ಸೆಸ್ಸೆಲ್ಸಿ ಓದಿನ ವೇಳಾಪಟ್ಟಿ: ಮೊದಲು ಮನೆ ಎಣಿಸಿ, ಆಮೇಲೆ ಪಾಠ ತುಂಬಿ

ಜನವರಿ ಮುಗಿಯುವ ಹೊತ್ತಿಗೆ ನಮ್ಮ ನೆಂಟರ ಮನೆಗಳ ಗೋಡೆಯಲ್ಲೆಲ್ಲ ಒಂದೊಂದು ಡ್ರಾಯಿಂಗ್ ಶೀಟ್ ಏರುತ್ತದೆ. ಬೆಳಗ್ಗೆ 4ಕ್ಕೆ ಗಣಿತ, 5ಕ್ಕೆ ವಿಜ್ಞಾನ, ರಾತ್ರಿ 11ಕ್ಕೆ ಸಮಾಜ. ಐದು ಬಣ್ಣದ ಸ್ಕೆಚ್ ಪೆನ್ನು, ಸುತ್ತ ಹೂಬಳ್ಳಿ. ಅದನ್ನು ಬರೆಯಲು ಒಂದು ಇಡೀ ಭಾನುವಾರ ಹೋಗಿರುತ್ತದೆ. ಬುಧವಾರಕ್ಕೆ ಅದರ ಕಡೆ ಯಾರೂ ನೋಡುವುದಿಲ್ಲ.

ಹೋದ ವರ್ಷ ಅಕ್ಕನ ಮಗಳ ಶೀಟೂ ಹೀಗೇ ಆಯಿತು. ಆಮೇಲೆ ಇಬ್ಬರೂ ಕೂತು ಇನ್ನೊಂದು ಬರೆದೆವು. ಪರೀಕ್ಷೆಗೆ ಆಗ ಐದು ವಾರ ಉಳಿದಿತ್ತು. ಅದನ್ನೇ ಇಲ್ಲಿ ಹೇಳುತ್ತೇನೆ.

ಬೇಕಾಗುವುದು ಗೆರೆಯಿರುವ ಉದ್ದನೆಯ ಹಾಳೆ, ಪೆನ್ಸಿಲ್, ರಬ್ಬರ್. ಪೆನ್ನು ಬೇಡವೇ ಬೇಡ. ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿದ ರೆಡಿಮೇಡ್ ಚಾರ್ಟ್ ಸಿಗುತ್ತದೆ, ಮೇಲೆ ಉದಯಿಸುವ ಸೂರ್ಯನ ಚಿತ್ರ, ಕೆಳಗೆ ಒಂದು ನುಡಿಮುತ್ತು. ಅದರ ಮೇಲೆ ಪೆನ್ಸಿಲ್ ಹತ್ತುವುದಿಲ್ಲ, ಮಾರ್ಕರ್ ಎರಡು ವಾರಕ್ಕೆ ಒಣಗುತ್ತದೆ. ಅಂಟುಚೀಟಿಗಳು ಫ್ಯಾನ್ ಗಾಳಿಗೆ ಮಂಚದ ಕೆಳಗೆ ಸೇರುತ್ತವೆ. ಮೊಬೈಲ್ ಆ್ಯಪ್ ಅಂತೂ ಸುಮ್ನೆ, ಪಟ್ಟಿ ನೋಡಲು ಫೋನ್ ತೆಗೆದವರು ಪಟ್ಟಿ ನೋಡಿ ವಾಪಸ್ ಇಟ್ಟದ್ದನ್ನು ನಾನಂತೂ ಕಂಡಿಲ್ಲ.

ಒಂದು: ಮನೆ ಎಣಿಸುವುದು

ಹಾಳೆಯಲ್ಲಿ ಚೌಕಗಳನ್ನು ಎಳೆಯಿರಿ. ಚೌಕಾಬಾರದಲ್ಲಿ ಹೇಳುವ ಹಾಗೆ ಒಂದೊಂದನ್ನೂ ಮನೆ ಎನ್ನೋಣ. ಒಂದು ಮನೆ ಎಂದರೆ 45 ನಿಮಿಷ. ಶಾಲೆ, ಟ್ಯೂಷನ್, ಊಟ, ನಿದ್ದೆ ಎಲ್ಲ ಕಳೆದು ನಿಜವಾಗಿ ಎಷ್ಟು ಮನೆ ಉಳಿಯುತ್ತದೆ ಎಂದು ನೋಡಿ. ನಮ್ಮ ಹುಡುಗಿಗೆ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 3 ಉಳಿದವು: ಬೆಳಗ್ಗೆ 6ಕ್ಕೆ, ಸಂಜೆ 7ಕ್ಕೆ, ರಾತ್ರಿ 8ಕ್ಕೆ. ಶನಿವಾರ 4, ಭಾನುವಾರ 5. ವಾರಕ್ಕೆ ಒಟ್ಟು 24.

"ಇಷ್ಟೇನಾ ಮಾವ?" ಎಂದಳು. ಇಷ್ಟೇ. ಆ 4 ಗಂಟೆಯ ಗಣಿತ ಯಾವತ್ತೂ ಇರಲೇ ಇಲ್ಲ.

ಈ 24ರಲ್ಲಿ 4 ಮನೆ ಖಾಲಿ ಬಿಡಬೇಕು. ಮದುವೆ, ಜ್ವರ, ಕರೆಂಟ್ ಹೋಗುವುದು, ಎಲ್ಲದಕ್ಕೂ ಅದೇ ಜಾಗ. ಇನ್ನು 5 ಮನೆ ಓದಿದ್ದನ್ನು ತಿರುಗಿ ನೋಡಲು, ಶನಿವಾರ 2 ಮತ್ತು ಭಾನುವಾರ 3. ಹೊಸದಾಗಿ ಕೂತು ಕಲಿಯಲು ಉಳಿದದ್ದು 15. ಐದು ವಾರಕ್ಕೆ 75.

ಎರಡು: ಪಾಠಗಳಿಗೆ ಗುರುತು ಹಾಕುವುದು

ಎಲ್ಲರೂ ಎಡವುವುದು ಇಲ್ಲೇ. ಹೆಚ್ಚಿನವರು ಈ ಹಂತವನ್ನೇ ಬಿಟ್ಟು ಆರು ವಿಷಯಕ್ಕೂ ಸಮನಾಗಿ ಹಂಚಿಬಿಡುತ್ತಾರೆ. ಹೀಗೆ ಹಂಚಿದ ಮೇಲೆ ಮಕ್ಕಳು ಇಷ್ಟದ ಪಾಠವನ್ನೇ ಮತ್ತೆ ಮತ್ತೆ ಓದುತ್ತಾರೆ. ಓದಿದ ಖುಷಿ ಸಿಗುತ್ತದೆ, ಬರದ ಪಾಠ ಬರದೇ ಉಳಿಯುತ್ತದೆ.

ಪಟ್ಟಿ ವಿಷಯಗಳದ್ದಲ್ಲ, ಪಾಠಗಳದ್ದು. ಸಮಾಜ ವಿಜ್ಞಾನದಂಥ ಕಡೆ ಚಿಕ್ಕ ಪಾಠಗಳನ್ನು ಎರಡು ಮೂರು ಸೇರಿಸಿ ಒಂದು ಕಟ್ಟು ಮಾಡಿ. ನಮಗೆ ಆರು ವಿಷಯ ಸೇರಿ 46 ಕಟ್ಟು ಬಂತು.

ಈಗ ಗುರುತು. "ಇದು ಬರುತ್ತಾ?" ಎಂದು ಕೇಳಬೇಡಿ, ಬರುತ್ತೆ ಎಂದೇ ಉತ್ತರ ಬರುತ್ತದೆ. ಪುಸ್ತಕ ಮುಚ್ಚಿ, ಖಾಲಿ ಹಾಳೆ ಕೊಟ್ಟು, ಆ ಪಾಠದಲ್ಲಿ ನೆನಪಿರುವುದನ್ನೆಲ್ಲ 5 ನಿಮಿಷ ಬರೆಯಲು ಹೇಳಿ. ಗಣಿತವಾದರೆ ಪ್ರತಿ ಅಭ್ಯಾಸದಿಂದ ಒಂದು ಲೆಕ್ಕ. ಪುಸ್ತಕ ನೋಡಿಕೊಂಡು ಓದಿದಾಗ ಎಲ್ಲವೂ ಪರಿಚಿತ ಅನಿಸುತ್ತದೆ. ಪರಿಚಯ ಇರುವುದು ಬೇರೆ, ಬರೆಯಲು ಬರುವುದು ಬೇರೆ. ಹಾಳೆ ತುಂಬಿದರೆ ಸರಿ ಗುರುತು, ಅರ್ಧಕ್ಕೆ ನಿಂತರೆ ಅಡ್ಡಗೆರೆ, ಎರಡೇ ಸಾಲಿಗೆ ಪೆನ್ನು ನಿಂತರೆ ತಪ್ಪು ಗುರುತು. 46 ಕಟ್ಟಿಗೆ ಇದು ನಾಲ್ಕು ಗಂಟೆಯ ಕೆಲಸ. ನಾವು ಎರಡು ದಿನಕ್ಕೆ ಹಂಚಿಕೊಂಡೆವು. ಅವಸರಕ್ಕೆ ಇದನ್ನು ಹಾರಿಸಬೇಡಿ.

'ವಿದ್ಯುಚ್ಛಕ್ತಿ' ಪಾಠ ತನಗೆ ಚೆನ್ನಾಗಿ ಬರುತ್ತದೆ ಎಂದಿದ್ದಳು. ಹಾಳೆಯಲ್ಲಿ ಓಮ್ ನಿಯಮ ಬಂತು, ಒಂದು ಮಂಡಲದ ಚಿತ್ರ ಬಂತು, ಅಲ್ಲಿಗೆ ನಿಂತಿತು. ಸಮಾಂತರ ಜೋಡಣೆಯ ಲೆಕ್ಕ ಕೊಟ್ಟರೆ ರೋಧಗಳನ್ನೆಲ್ಲ ಸುಮ್ನೆ ಕೂಡಿಸಿದಳು. ತಪ್ಪು ಗುರುತು.

ಸರಿ ಗುರುತಿಗೆ 1 ಮನೆ, ಅಡ್ಡಗೆರೆಗೆ 2, ತಪ್ಪಿಗೆ 3 ಎಂದು ಲೆಕ್ಕ ಹಾಕಿದೆವು. ಸರಿ 17, ಅಡ್ಡಗೆರೆ 18, ತಪ್ಪು 11. ಬೇಕಾದದ್ದು 86 ಮನೆ, ಇರುವುದು 75. ಹನ್ನೊಂದು ಕಮ್ಮಿ!

ಇಂಥ ಹೊತ್ತಲ್ಲಿ ಮನೆಯವರು ನಿದ್ದೆಗೆ ಕೈ ಹಾಕುತ್ತಾರೆ. ಬೇಡ. ಸರಿ ಗುರುತಿನ 17ಕ್ಕೂ ಪ್ರತ್ಯೇಕ ಮನೆ ಯಾಕೆ? ಅವನ್ನು ವಾರದ ಕೊನೆಯ ತಿರುಗಿ ನೋಡುವ ಮನೆಗೆ ದಾಟಿಸಿದೆವು. ಹೊಸ ಓದಿಗೆ ಬೇಕಾದದ್ದು 69ಕ್ಕೆ ಇಳಿಯಿತು. ಉಳಿದ 6 ಮನೆ ಹಳೆಯ ಪ್ರಶ್ನೆಪತ್ರಿಕೆಗೆ ಹೋಯಿತು.

ತಪ್ಪು ಗುರುತು ಇಪ್ಪತ್ತೈದು ಮೂವತ್ತು ಬಂದರೆ ಮಾತು ಬೇರೆ. ಆಗ ಶಾಲೆಯಲ್ಲಿ ಕೊಡುವ ಪಾಸಿಂಗ್ ಪ್ಯಾಕೇಜ್ ಹಿಡಿದು ಅದರಲ್ಲಿರುವುದನ್ನೇ ಮೊದಲು ಮನೆಗಳಿಗೆ ತುಂಬಿ. ಉಳಿದವರಿಗೆ ಅದು ಸಾಲದು.

ಮೂರು: ತುಂಬುವುದು

ಮನೆಯೊಳಗೆ 'ವಿಜ್ಞಾನ' ಎಂದು ಬರೆದರೆ ಕೂತ ಮೇಲೆ ಯಾವ ಪಾಠ ಎಂದು ಹುಡುಕುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ. ಮಾಡುವ ಕೆಲಸವನ್ನೇ ಬರೆಯಿರಿ. ನಮ್ಮ ಮೊದಲ ಮೂರು ದಿನ ಹೀಗಿತ್ತು:

| ದಿನ | ಬೆಳಗ್ಗೆ 6 | ಸಂಜೆ 7 | ರಾತ್ರಿ 8 |
|---|---|---|---|
| ಸೋಮ | ತ್ರಿಭುಜಗಳು: ಥೇಲ್ಸ್ ಪ್ರಮೇಯ ನೋಡದೆ ಬರೆ | ವಿದ್ಯುಚ್ಛಕ್ತಿ 1: ಓಮ್ ನಿಯಮ, ರೋಧ | 1857ರ ಸಂಗ್ರಾಮ: ಕಾರಣಗಳು |
| ಮಂಗಳ | ತ್ರಿಭುಜಗಳು: 5 ಲೆಕ್ಕ | ಇಂಗ್ಲಿಷ್: ಎರಡು ಪತ್ರ ಬರೆ | ವಿದ್ಯುಚ್ಛಕ್ತಿ 2: ಸರಣಿ, ಸಮಾಂತರ, 6 ಲೆಕ್ಕ |
| ಬುಧ | ಹಳೆಗನ್ನಡ ಪದ್ಯ: ಸಾರಾಂಶ | ವಿದ್ಯುಚ್ಛಕ್ತಿ 3: ಸಾಮರ್ಥ್ಯ, ಉಷ್ಣ | ಖಾಲಿ |

ಒಂದೇ ವಿಷಯ ಬೆನ್ನಿಗೆ ಬೆನ್ನಿಗೆ ಬೇಡ. ಲೆಕ್ಕದ ಮನೆ ಆದಮೇಲೆ ಓದುವ ಮನೆ ಬರಲಿ. ತಪ್ಪು ಗುರುತಿನವೆಲ್ಲ ಮೊದಲ ಮೂರು ವಾರದಲ್ಲೇ ಮುಗಿಯಬೇಕು, ಕೊನೆಗೆ ತಳ್ಳಿದರೆ ತಿರುಗಿ ನೋಡಲು ದಿನವೇ ಇರುವುದಿಲ್ಲ.

ತಿರುಗಿ ನೋಡುವುದು ಅಂದರೆ ಮತ್ತೆ ಓದುವುದಲ್ಲ. ಪುಸ್ತಕ ಮುಚ್ಚಿ ಬರೆದು, ಆಮೇಲೆ ತೆಗೆದು ತಾಳೆ ನೋಡುವುದು. ಒಂದು ಪಾಠಕ್ಕೆ 15 ನಿಮಿಷ ಸಾಕು, ಹಾಗಾಗಿ ಒಂದು ಮನೆಗೆ ಮೂರು ಪಾಠ ಹಿಡಿಯುತ್ತದೆ. ಬುಧವಾರ ಮುಗಿದ ವಿದ್ಯುಚ್ಛಕ್ತಿಯನ್ನು ಅದೇ ಶನಿವಾರ ಒಮ್ಮೆ, ಮುಂದಿನ ವಾರಾಂತ್ಯ ಬಿಟ್ಟು ಅದರಾಚೆಯ ಶನಿವಾರ ಇನ್ನೊಮ್ಮೆ ಬರೆದೆವು. ಐದು ವಾರಕ್ಕೆ ಇಂಥ 75 ಸರದಿ ಸಿಗುತ್ತದೆ. ಕಲಿತ 29 ಪಾಠಕ್ಕೆ ಎರಡೆರಡು, ಸರಿ ಗುರುತಿನ 17ಕ್ಕೆ ಒಂದೊಂದು. ಕೂಡಿಸಿ ನೋಡಿ, ಸರಿಯಾಗಿ ಕೂರುತ್ತದೆ. ಕೊನೇ ಎರಡು ವಾರ ಕಲಿತದ್ದರ ಎರಡನೇ ಸರದಿ ಮಾತ್ರ ಪರೀಕ್ಷೆಗಳ ನಡುವಿನ ರಜೆಗೆ ಹೋಗುತ್ತದೆ.

ಆ ರಜೆಗಳನ್ನು ಪರೀಕ್ಷಾ ಮಂಡಳಿಯ ಪಟ್ಟಿ ಬಂದಾಗಲೇ ನೋಡಿಡಿ. ಪರೀಕ್ಷೆಗೆ ಮುಂಚೆ ಎರಡು ಮೂರು ದಿನ ರಜೆಯಿರುವ ವಿಷಯಕ್ಕೆ ಈಗ ಒಂದೆರಡು ಮನೆ ಕಮ್ಮಿಯಾದರೂ ನಡೆಯುತ್ತದೆ. ಒಂದೇ ದಿನ ಬಿಡುವಿರುವ ವಿಷಯ ಮಾತ್ರ ಮುಂಚೆಯೇ ಮುಗಿದಿರಬೇಕು.

ನಾಲ್ಕು: ತಪ್ಪಿದಾಗ

ಒಂದು ಮನೆ ತಪ್ಪಿದರೆ ಎಲ್ಲವನ್ನೂ ಒಂದೊಂದು ಹೆಜ್ಜೆ ಮುಂದಕ್ಕೆ ತಳ್ಳಬೇಡಿ. ತಪ್ಪಿದ್ದನ್ನಷ್ಟೇ ಅಳಿಸಿ ಆ ವಾರದ ಖಾಲಿ ಮನೆಗೆ ಬರೆಯಿರಿ. ವಾರದ ಕೊನೆಗೆ ನಾಲ್ಕೂ ಖಾಲಿ ಮನೆ ತುಂಬಿದರೆ, ಅದೂ ಎರಡು ವಾರ ಸತತವಾಗಿ, ಎಣಿಕೆಯೇ ತಪ್ಪಿದೆ ಎಂದು ತಿಳಿಯಿರಿ. ಯಾವುದೋ ಒಂದು ಮನೆ ಕಾಗದದಲ್ಲಿ ಮಾತ್ರ ಇದೆ. ನಮ್ಮಲ್ಲಿ ಅದು ಶನಿವಾರದ ನಾಲ್ಕನೆಯದು. ಆ ಹೊತ್ತಿಗೆ ಅಜ್ಜಿಯ ಧಾರಾವಾಹಿ, ಪಕ್ಕದಲ್ಲೇ ಟಿ.ವಿ. ಅದನ್ನು ಅಳಿಸಿ ಭಾನುವಾರ ಬೆಳಗ್ಗೆ ಬರೆದುಕೊಂಡಳು. ಅಲ್ಲಿಂದ ಖಾಲಿ ಮನೆಗಳು ಖಾಲಿಯೇ ಉಳಿಯತೊಡಗಿದವು. ಮಾರ್ಚ್ ಹೊತ್ತಿಗೆ ಆ ಹಾಳೆಯಲ್ಲಿ ಶನಿವಾರದ ಜಾಗ ರಬ್ಬರ್ ಉಜ್ಜಿ ಉಜ್ಜಿ ತೂತು ಬಿದ್ದಿತ್ತು.