ಬಾಗಿದ ಸೋಫಾದ ಮೇಲೆ ಗೋಪುರ ನೆಟ್ಟಗೆ ನಿಲ್ಲಿಸಿದ್ದು

ಹುಬ್ಬಳ್ಳಿ ವಿದ್ಯಾನಗರದ ಒಂದು ಮನೆಯ ಹಾಲ್‌ಗೆ ಕಂಪ್ಯೂಟರ್‌ನಲ್ಲಿ 3D ರೆಂಡರ್ ಮಾಡುವಾಗ ಮನೆಯವರು ಕಸೂತಿ ಗೋಪುರದ ಪ್ರಿಂಟ್ ಇರುವ ಬಟ್ಟೆ ಆರಿಸಿದ್ದರು. ಸೋಫಾ ಕಾಲು ವೃತ್ತದಂತೆ ಬಾಗಿದ್ದು. ಗೋಪುರಕ್ಕೆ ತುದಿ, ಬುಡ ಎರಡೂ ಇರುವುದರಿಂದ ಎಲ್ಲಿ ಓರೆಯಾದರೂ ಕಣ್ಣಿಗೆ ಬೀಳುತ್ತದೆ.

ಮೊದಲು ಸೋಫಾ ಕೆಲಸದವರನ್ನೇ ಕೇಳಿದೆ. "ಅರಿವಿ ತಾನಾಗೇ ಬಗ್ಗಂಗಿಲ್ರೀ ಸರ್, ಕತ್ತರಿಸಿ ಜೋಡಸಬೇಕು" ಅಂದರು. ಸೀಟಿನ ಮುಂದಿನ ಅಂಚಿನ ತ್ರಿಜ್ಯ 110 ಸೆಂ.ಮೀ., ಬೆನ್ನಿನ ಕಡೆ 170. ಅಂದರೆ ಮುಂದಿನ ಅಂಚು 173 ಸೆಂ.ಮೀ. ಉದ್ದ, ಹಿಂದಿನದು 267. ಬ್ಲೆಂಡರ್ ಎಂಬ 3D ಸಾಫ್ಟ್‌ವೇರ್‌ನಲ್ಲಿ Follow Active Quads ಬಳಸಿ ಸೀಟನ್ನು ನೇರ ಪಟ್ಟಿಯಾಗಿ ಬಿಡಿಸಿದರೆ ಹಿಂದಿನ ಗೋಪುರ ಮುಂದಿನದಕ್ಕಿಂತ ಒಂದೂವರೆ ಪಟ್ಟು ಅಗಲವಾಗುತ್ತದೆ. ಇಂಥ ಸೋಫಾ ಬಟ್ಟೆ ಹಾಗೆ ಹಿಗ್ಗುವುದಿಲ್ಲ.

ಅದಕ್ಕೆ ಸೀಟನ್ನು 30 ಡಿಗ್ರಿಯ ಮೂರು ತುಂಡು ಮಾಡಿ, ಪ್ರತಿಯೊಂದನ್ನೂ ಮೇಲಿನಿಂದ ನೋಡಿದಂತೆ ಚಪ್ಪಟೆಯಾಗಿ ಬಿಡಿಸಿದೆ. ತುಂಡಿನ ನಡುಗೆರೆಯೇ ಗೋಪುರದ ನೇರ, ತುದಿ ಬೆನ್ನಿನ ಕಡೆ. ಹೊಲಿಗೆಯಲ್ಲಿ ಎರಡು ಕಡೆಯ ಸಾಲುಗಳು ಕೋನವಾಗಿ ಕೂಡುತ್ತವೆ. ನಿಜವಾದ ಸೋಫಾದಲ್ಲೂ ಹಾಗೇ ಇರುತ್ತದೆ, ಅದನ್ನು ಮುಚ್ಚಲು ಹೋಗಬಾರದು. ಹೊಲಿಗೆಯ ಮೇಲೆ ತೆಳ್ಳನೆಯ ಪೈಪಿಂಗ್ ಇಟ್ಟೆ.

ಒಳಬೆನ್ನು ಸುಲಭ. ಒಂದೇ ದಿಕ್ಕಿಗೆ ಬಾಗಿದ ಮೈ ಆದ್ದರಿಂದ ಸುರುಳಿ ಬಿಚ್ಚಿದಂತೆ ಹಿಗ್ಗದೆ ಬಿಚ್ಚಿಕೊಳ್ಳುತ್ತದೆ. ಬಟ್ಟೆಯ ಪನ್ನ 137 ಸೆಂ.ಮೀ., 267ಕ್ಕೆ ಒಂದು ಸಾಲದು; ಸೀಟಿನ ಹೊಲಿಗೆಗೇ ಹೊಂದಿಸಿ 89 ಸೆಂ.ಮೀ.ನ ಮೂರು ತುಂಡು ಮಾಡಿದೆ. ಸೀಟಿನ ಗೋಪುರದ ಸಾಲು ಬೆನ್ನಿಗೆ ತುಂಡಿನ ನಡುವಿನಲ್ಲಷ್ಟೇ ಸರಿಯಾಗಿ ಮುಂದುವರಿಯುತ್ತದೆ. ಹೊಲಿಗೆಯ ಹತ್ತಿರ ಸುಮಾರು 6 ಸೆಂ.ಮೀ. ತಪ್ಪುತ್ತದೆ, ಯಾಕೆಂದರೆ ಸೀಟಿನ ಹಿಂದಿನ ಅಂಚು ಕಮಾನು, ಗೋಪುರದ ಸಾಲು ನೇರ.

ಹೊರಬೆನ್ನಿಗೆ ಬೇರೆಯೇ ತುಂಡು ಬೇಕು. ಒಳಗಿನದನ್ನೇ ಮೇಲಿನಿಂದ ಹಿಂದಕ್ಕೆ ಹಾಯಿಸಿದರೆ ಹಿಂದೆ ಗೋಪುರ ತಲೆಕೆಳಗಾಗುತ್ತದೆ. ಈ ಸೋಫಾ ಹಾಲ್‌ನ ನಡುವೆ ಇದ್ದದ್ದರಿಂದ ಬಾಗಿಲಲ್ಲಿ ನಿಂತವರಿಗೆ ಮೊದಲು ಕಾಣುವುದೇ ಹೊರಬೆನ್ನು.

ಅಳತೆಗೆ ನಾನು ನಂಬುವುದು ಒಂದೇ ದಾರಿ. ಬಟ್ಟೆಯ ಮೇಲೆ ಟೇಪ್ ಇಟ್ಟು ನೋಡಿದಾಗ ಡಿಸೈನ್ ಅಡ್ಡಕ್ಕೆ 34, ಉದ್ದಕ್ಕೆ 32 ಸೆಂ.ಮೀ.ಗೆ ಒಮ್ಮೆ ಮರಳುತ್ತಿತ್ತು. ಅಷ್ಟೇ ಅಳತೆಯ ಪ್ಲೇನ್ ಒಂದನ್ನು ಮಾಡಿ, ಅದರ ಮತ್ತು ಸೋಫಾದ ಸ್ಕೇಲ್ ಅಪ್ಲೈ ಮಾಡಿ, ಎರಡನ್ನೂ ಜೋಡಿಸಿ, ಎಲ್ಲವನ್ನೂ ಬಿಡಿಸಿ, ತುಂಡುಗಳೆಲ್ಲ ಒಂದೇ ಪ್ರಮಾಣಕ್ಕೆ ಬರಲು Average Islands Scale ಕೊಟ್ಟೆ. ತುಂಡುಗಳನ್ನು ನೆಟ್ಟಗೆ ತಿರುಗಿಸಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಹಿಡಿದು, ಆ ಪ್ಲೇನ್ ಚಿತ್ರದ ಚೌಕವನ್ನು ತುಂಬುವವರೆಗೆ ಅಡ್ಡ, ಉದ್ದ ಬೇರೆಬೇರೆಯಾಗಿ ಹಿಗ್ಗಿಸಿದೆ. ತಿರುಗಿಸುವುದು ಮೊದಲೇ ಆಗಬೇಕು, ಇಲ್ಲದಿದ್ದರೆ ಗೋಪುರ ವಾಲುತ್ತದೆ. ಆಮೇಲೆ ಹಿಗ್ಗನ್ನು ಬಣ್ಣದಲ್ಲಿ ತೋರಿಸುವ Display Stretch ಹಾಕಿ ನೋಡಿದೆ: ಸೀಟು, ಬೆನ್ನು ಪೂರ್ತಿ ನೀಲಿ, ಅಂದರೆ ಹಿಗ್ಗಿಲ್ಲ; ಸೋಫಾದ ಕೈಯ ದುಂಡು ತುದಿ ಮಾತ್ರ ಹಸಿರು. ಎರಡು ಕಡೆ ಬಾಗಿದ ಆ ಜಾಗದಲ್ಲಿ ಕೆಲಸದವರು ನೆರಿಗೆ ಹಿಡಿಯುತ್ತಾರೆ. ನಾನೂ ಅಲ್ಲಿ ನೆರಿಗೆ ಮೂಡಿಸಿದೆ.

ಹಿಂದಿನ ಗೋಡೆಯ ವಾಲ್‌ಪೇಪರ್‌ಗೂ ಇದೇ ಲೆಕ್ಕ: ರೋಲ್ ಅಗಲ 53 ಸೆಂ.ಮೀ., ಡಿಸೈನ್ ಉದ್ದಕ್ಕೆ 64ಕ್ಕೊಮ್ಮೆ. ಹತ್ತಡಿ ಎತ್ತರದ ಗೋಡೆಯಲ್ಲಿ ಐದಕ್ಕಿಂತ ತುಸು ಕಡಿಮೆ ಸಲ ಕಾಣಬೇಕು.